ವಿಐಪಿ ಗೆಸ್ಟ್ ಬರುವ ಮುಂಚೆ ಸಿಬ್ಬಂದಿಗೆ ಕೊಡುವ ಬ್ರೀಫಿಂಗ್ ನೋಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಟೆಲಿಗೆ ತುಂಬಾ ದೊಡ್ಡ ಗೆಸ್ಟ್ ಬರುತ್ತಾರೆ ಅಂದಾಗ ಡ್ಯೂಟಿ ಮ್ಯಾನೇಜರ್‌ಗಳು, ಸೂಪರ್‌ವೈಸರ್‌ಗಳು, ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ವಿಷಯ ಗಾಳಿಯಲ್ಲಿ ತೇಲಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಕಲ್ಪಿತ ಅತಿಥಿ: ಹೆಸರಾಂತ ಗಾಯಕಿ, ಜೊತೆಗೆ ಒಬ್ಬ ಸೆಕ್ರೆಟರಿ, ಇಬ್ಬರು ಅಂಗರಕ್ಷಕರು, ಸಂಜೆ 6:40ಕ್ಕೆ ಬರುತ್ತಾರೆ, ಎರಡು ರಾತ್ರಿ ಇರುತ್ತಾರೆ. ಅವರಿಗಿಟ್ಟ ಗುಪ್ತ ಹೆಸರು ‘ನೀಲಿ’.

## ಶುರುವಿನ ಪ್ರಶ್ನೆಗಳು

ಬ್ರೀಫಿಂಗ್ ನೋಟ್ ಅಂದ್ರೆ ಏನು? ಬಾಯಲ್ಲಿ ಹೇಳಿದ್ರೆ ಸಾಲದಾ?

ಬಾಯಲ್ಲೂ ಹೇಳಬೇಕು, ಬರೆದೂ ಇರಬೇಕು. ಬಾಯಲ್ಲಿ ಮಾತ್ರ ಹೇಳಿದರೆ ಮಧ್ಯಾಹ್ನದ ಶಿಫ್ಟ್‌ನವರಿಗೆ ಹೇಳಿದ್ದು ಒಂದು, ಅವರು ರಾತ್ರಿಯವರಿಗೆ ದಾಟಿಸಿದ್ದು ಇನ್ನೊಂದು ಆಗಿಬಿಡುತ್ತದೆ. ಬೆಳಿಗ್ಗೆ ‘ಬಾದಾಮಿ, ಗೋಡಂಬಿಯಂಥ ಬೀಜದ ಅಲರ್ಜಿ ಇದೆ’ ಅಂತಿದ್ದದ್ದು ರಾತ್ರಿ ಹೊತ್ತಿಗೆ ‘ಏನೋ ಅಲರ್ಜಿಯಂತೆ’ ಆಗಿರುತ್ತದೆ.

ನೋಟ್‌ನಲ್ಲಿ ಗೆಸ್ಟ್ ಯಾರು, ಎಷ್ಟು ದೊಡ್ಡವರು, ಯಾವ ಪ್ರಶಸ್ತಿ ಬಂದಿದೆ ಅನ್ನೋದು ಬೇಡವೇ ಬೇಡ. ಓದುವವರು ಏನು ಮಾಡಬೇಕು, ಯಾವಾಗ, ಯಾರನ್ನು ಕೇಳಬೇಕು, ಅಂದುಕೊಂಡಂತೆ ಆಗದಿದ್ದರೆ ಏನು, ಇಷ್ಟು ಸಾಕು. ಒಂದೊಂದು ಸಾಲು ಬರೆಯುವಾಗಲೂ ‘ಇದನ್ನು ಓದಿ ಯಾರಾದರೂ ಏನಾದರೂ ಬೇರೆ ರೀತಿ ಮಾಡುತ್ತಾರಾ?’ ಅಂತ ಕೇಳಿಕೊಳ್ಳಿ. ಇಲ್ಲ ಅಂತಾದರೆ ಆ ಸಾಲನ್ನು ಹೊಡೆದುಹಾಕಿ. ಕಾಗದದ ಮೇಲೆ ಬಂದ ಪ್ರತಿ ಮಾಹಿತಿಯೂ ಹೊರಗೆ ಹೋಗಬಹುದಾದ ಮಾಹಿತಿಯೇ, ಹಾಗಾಗಿ ಕಡಿಮೆ ಬರೆಯುವುದೇ ಮೊದಲ ಕಾವಲು.

ಯಾವಾಗ ಕೊಡಬೇಕು? ಎಷ್ಟು ಉದ್ದ ಇರಬೇಕು?

ಒಂದು ಪುಟ. ಅದಕ್ಕಿಂತ ಜಾಸ್ತಿ ಇದ್ದರೆ ಯಾರೂ ಓದುವುದಿಲ್ಲ, ಓದಿದರೂ ನೆನಪಿರುವುದಿಲ್ಲ.

ಸಮಯದ ವಿಷಯಕ್ಕೆ ಬಂದರೆ, ತಯಾರಿ ಮಾಡಬೇಕಾದ ವಿಭಾಗದ ಮುಖ್ಯಸ್ಥರಿಗೆ ಒಂದೆರಡು ದಿನ ಮೊದಲೇ ತಿಳಿದಿರಬೇಕು. ಹೌಸ್‌ಕೀಪಿಂಗ್‌ಗೆ ರೂಮ್ ಖಾಲಿ ಬೇಕು, ಇಂಜಿನಿಯರಿಂಗ್‌ಗೆ ನಲ್ಲಿ, ಎಸಿ, ಬೀಗ ನೋಡಲು ಪುರುಸೊತ್ತು ಬೇಕು. ಉಳಿದ ಸಿಬ್ಬಂದಿಗೆ ಅದೇ ದಿನ, ಅವರವರ ಶಿಫ್ಟ್ ಶುರುವಾಗುವಾಗ ಹೇಳಿದರೆ ಸಾಕು. ವಾರದ ಮುಂಚೆ ಹೇಳಿದರೆ ಕೆಲಸಕ್ಕೆ ಲಾಭವಿಲ್ಲ, ಸುದ್ದಿ ಹರಡಲು ಮಾತ್ರ ಒಂದು ವಾರ ಕೊಟ್ಟಂತಾಗುತ್ತದೆ. ನಿಂತುಕೊಂಡು ಹತ್ತು ನಿಮಿಷದ ಬ್ರೀಫಿಂಗ್ ಮಾಡಿ, ಆಮೇಲೆ ಮೂರ್ನಾಲ್ಕು ಜನರ ಕೈಲಿ ಅವರವರ ಕೆಲಸ ವಾಪಸ್ ಹೇಳಿಸಿ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಲಿಫ್ಟ್ ಹತ್ತಿರ ನೀವು ಏನು ಮಾಡ್ತೀರಿ, ಹೇಳಿ’ ಅಂದರೆ ಮಾತ್ರ ಯಾರಿಗೆ ಎಷ್ಟು ತಲುಪಿದೆ ಅಂತ ಗೊತ್ತಾಗುತ್ತದೆ.

ರಾತ್ರಿ ಶಿಫ್ಟ್‌ನವರು ಮತ್ತು ಏಜೆನ್ಸಿಯಿಂದ ಒಂದೆರಡು ದಿನಕ್ಕೆ ಬಂದವರು, ಇವರಿಬ್ಬರನ್ನೇ ಜನ ಮರೆಯುವುದು. ನಡುರಾತ್ರಿ ಸ್ವಿಚ್‌ಬೋರ್ಡ್‌ನಲ್ಲಿ ಒಬ್ಬರೇ ಕೂತಿರುವವರಿಗೆ ಬರುವ ಫೋನ್‌ಗಳೇ ಗೆಸ್ಟ್ ಬಗ್ಗೆ ಬಾಯಿ ಬಿಡಿಸುವುದರಲ್ಲಿ ಹೆಚ್ಚು ಜಾಣತನದವು.

ಎಲ್ಲರಿಗೂ ಒಂದೇ ನೋಟ್ ಕೊಟ್ಟರೆ ಸುಲಭ ಅಲ್ವಾ?

ಸುಲಭ ನಿಜ, ಆದರೆ ಕೊಡಬೇಡಿ. ಅಡುಗೆಮನೆಗೆ ಅಲರ್ಜಿ ಗೊತ್ತಿರಬೇಕು, ಯಾವ ಬಾಗಿಲಿಂದ ಬರುತ್ತಾರೆ ಅಂತ ಗೊತ್ತಿರಬೇಕಾಗಿಲ್ಲ. ಗೇಟ್‌ನ ಸೆಕ್ಯುರಿಟಿಗೆ ಗಾಡಿ ಮತ್ತು ಸಮಯ ಬೇಕು, ರೂಮ್ ನಂಬರ್ ಬೇಡ. ಬೆಲ್ ಬಾಯ್‌ಗೆ ರೂಮ್ ನಂಬರ್ ಬೇಕು, ಗೆಸ್ಟ್ ಯಾವ ಮಾತ್ರೆ ತಗೋತಾರೆ ಅನ್ನೋದು ಅವರಿಗೂ ಬೇಡ, ನಿಜ ಹೇಳಬೇಕೆಂದರೆ ಹೋಟೆಲಿನಲ್ಲಿ ಯಾರಿಗೂ ಬೇಡ.

ಪೂರ್ತಿ ಚಿತ್ರ ಇರುವ ನೋಟ್ ಒಬ್ಬರ ಕೈಲಿ ಮಾತ್ರ ಇರಲಿ, ಸಾಮಾನ್ಯವಾಗಿ ಡ್ಯೂಟಿ ಮ್ಯಾನೇಜರ್. ಉಳಿದವರಿಗೆ ವಿಭಾಗಕ್ಕೆ ತಕ್ಕಂತೆ ಅದರಿಂದ ತೆಗೆದ ಭಾಗ ಮಾತ್ರ. ಇದರಲ್ಲಿ ಸಿಬ್ಬಂದಿ ಮೇಲೆ ಅಪನಂಬಿಕೆಯ ಮಾತೇ ಇಲ್ಲ. ಏನಾದರೂ ಸೋರಿದರೆ, ಆ ವಿಷಯ ಗೊತ್ತೇ ಇಲ್ಲದವರ ಮೇಲೆ ಅನುಮಾನ ಬರುವುದಿಲ್ಲ. ಇದನ್ನು ಬಿಡಿಸಿ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಮಾದರಿ ತೋರಿಸ್ತೀರಾ? ಹೌಸ್‌ಕೀಪಿಂಗ್‌ಗೆ ಕೊಡೋದು ಹೇಗಿರುತ್ತೆ?

ನಮ್ಮ ‘ನೀಲಿ’ಯ ಉದಾಹರಣೆಯಲ್ಲಿ ಹೌಸ್‌ಕೀಪಿಂಗ್ ಪ್ರತಿ ಹೆಚ್ಚುಕಡಿಮೆ ಹೀಗಿರುತ್ತದೆ:

> ಪ್ರತಿ ನಂ. 3, ಹೌಸ್‌ಕೀಪಿಂಗ್. ಶಿಫ್ಟ್ ಮುಗಿದಾಗ ಡ್ಯೂಟಿ ಮ್ಯಾನೇಜರ್‌ಗೆ ವಾಪಸ್ ಕೊಡಿ.
>
> ಅತಿಥಿ: ನೀಲಿ. ಸಂಜೆ 6:40, ಬೇಗ ಬರಬಹುದು. ರೂಮ್ ಸಂಜೆ 4ಕ್ಕೆ ಸಿದ್ಧ, 4:30ಕ್ಕೆ ಡ್ಯೂಟಿ ಮ್ಯಾನೇಜರ್ ನೋಡುತ್ತಾರೆ. ಅದಾದ ಮೇಲೆ ಯಾರೂ ಒಳಗೆ ಹೋಗುವಂತಿಲ್ಲ.
>
> ತಪ್ಪಲೇಬಾರದ್ದು: ಬೀಜಗಳ ಅಲರ್ಜಿ, ತೀವ್ರ. ಮಿನಿಬಾರ್‌ನಿಂದ ಬೀಜವಿರುವ ಎಲ್ಲ ಪೊಟ್ಟಣ ತೆಗೆಯಿರಿ. ಬಾದಾಮಿ ಎಣ್ಣೆ ಇರುವ ಲೋಷನ್, ಸೋಪು ಬದಲಿಸಿ.
>
> ಇಷ್ಟ: ಗಟ್ಟಿ ದಿಂಬು ಎರಡು. ರೂಮ್ 23 ಡಿಗ್ರಿ. ವಾಸನೆಯ ಹೂವು, ರೂಮ್ ಸ್ಪ್ರೇ ಬೇಡ. ಪೂರ್ತಿ ಕತ್ತಲಾಗುವ ಪರದೆ.
>
> ಸ್ವಚ್ಛತೆ: ಸೆಕ್ರೆಟರಿ ಕರೆದಾಗ ಮಾತ್ರ. ಇಬ್ಬರು ಜೊತೆಯಾಗಿ ಹೋಗಿ, ಬಾಗಿಲು ತೆರೆದೇ ಇರಲಿ.
>
> ಅನುಮಾನ ಬಂದರೆ: ಡ್ಯೂಟಿ ಮ್ಯಾನೇಜರ್. ಬೇರೆ ಯಾರನ್ನೂ ಕೇಳಬೇಡಿ.

ಹೆಸರಿಲ್ಲ, ವೃತ್ತಿಯಿಲ್ಲ, ಎಲ್ಲಿಂದ ಬರುತ್ತಾರೆ ಅಂತಿಲ್ಲ. ಆದರೂ ಕೆಲಸಕ್ಕೆ ಬೇಕಾದ್ದೆಲ್ಲ ಇದೆ. ಮೇಲಿರುವ ‘ಪ್ರತಿ ನಂ. 3’ ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ನಂಬರ್ ಇರುವ ಕಾಗದವನ್ನು ಜನ ಮೇಜಿನ ಮೇಲೆ ಸುಮ್ನೆ ಬಿಟ್ಟುಹೋಗುವುದಿಲ್ಲ.

## ಇಷ್ಟಾನಿಷ್ಟಗಳು

ಗೆಸ್ಟ್‌ಗೆ ಏನಿಷ್ಟ ಅಂತ ಇಂಟರ್ನೆಟ್‌ನಲ್ಲೇ ಸಿಗುತ್ತಲ್ಲ, ಅದನ್ನೇ ಬರೆದರೆ ಆಗಲ್ವಾ?

ಆಗಲ್ಲ. ಎಂದೋ ಸಂದರ್ಶನದಲ್ಲಿ ‘ನನಗೆ ಬಿಳಿ ಹೂವು ಇಷ್ಟ’ ಅಂದಿರುತ್ತಾರೆ, ಅದನ್ನು ಹಿಡಿದುಕೊಂಡು ಹೋದಲ್ಲೆಲ್ಲ ರೂಮ್ ತುಂಬಾ ಬಿಳಿ ಹೂವು ಇಟ್ಟು ಅವರಿಗೆ ಅದು ಸಾಕುಸಾಕಾಗಿರುತ್ತದೆ. ನಿಮ್ಮದೇ ಹೋಟೆಲಿನ ಹಳೆಯ ಪ್ರೊಫೈಲ್ ಇದ್ದರೂ ಅದು ಅಂದಿನ ಮಾತು. ಮೂರು ವರ್ಷದ ಹಿಂದೆ ವೈನ್ ಕೇಳಿದವರು ಈಗ ಕುಡಿಯುವುದನ್ನೇ ಬಿಟ್ಟಿರಬಹುದು. ಅಂಥವರ ರೂಮಿನಲ್ಲಿ ಬಾಟಲಿ ಇಡುವುದು ಬರೀ ಸಣ್ಣ ಎಡವಟ್ಟು ಅಲ್ಲ, ಅವರಿಗೆ ನಿಜವಾಗಿ ಕಷ್ಟ ಕೊಡುವ ವಿಷಯ.

ಕೇಳಬೇಕಾದ್ದು ಗೆಸ್ಟ್ ಕಡೆಯ ಒಬ್ಬ ವ್ಯಕ್ತಿಯನ್ನು, ಅಂದರೆ ಸೆಕ್ರೆಟರಿ ಅಥವಾ ಟೂರ್ ಮ್ಯಾನೇಜರ್. ನಿಮ್ಮ ಕಡೆಯಿಂದಲೂ ಒಬ್ಬರೇ ಕೇಳಬೇಕು. ಐದು ವಿಭಾಗದವರು ಐದು ಸಲ ಫೋನ್ ಮಾಡಿದರೆ ಅವರಿಗೆ ಸಾಕಾಗಿ ‘ಏನಾದ್ರೂ ಮಾಡಿ’ ಅಂದುಬಿಡುತ್ತಾರೆ. ಹಳೆಯ ಪಟ್ಟಿ ಕಳಿಸಿ ‘ಇದರಲ್ಲಿ ಈಗ ಯಾವುದು ನಿಜ, ಯಾವುದು ಬದಲಾಗಿದೆ?’ ಅಂತ ಕೇಳುವುದು ಖಾಲಿ ಫಾರಂ ಕಳಿಸುವುದಕ್ಕಿಂತ ಎಷ್ಟೋ ವಾಸಿ. ಉತ್ತರ ಬಂದ ಮೇಲೆ ನಿಮ್ಮ ಪೂರ್ತಿ ಪ್ರತಿಯಲ್ಲಿ ಪ್ರತಿಯೊಂದರ ಮುಂದೆ ಯಾರು ಹೇಳಿದರು, ಯಾವ ದಿನ ಹೇಳಿದರು ಅಂತ ಬರೆದಿಡಿ. ಆ ಎರಡು ಪದ ಇಲ್ಲದ ಇಷ್ಟಾನಿಷ್ಟವನ್ನು ಗಾಳಿಸುದ್ದಿ ಅಂತಲೇ ತಿಳಿಯಿರಿ.

ಅಲರ್ಜಿಯನ್ನೂ ದಿಂಬನ್ನೂ ಒಂದೇ ಪಟ್ಟಿಯಲ್ಲಿ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಮೇಲಿನ ಮಾದರಿಯಲ್ಲಿ ‘ತಪ್ಪಲೇಬಾರದ್ದು’ ಮತ್ತು ‘ಇಷ್ಟ’ ಅಂತ ಎರಡು ಬೇರೆ ಮಾಡಿದ್ದು ಅದಕ್ಕೇ. ಹದಿನೈದು ಸಾಲಿನ ಪಟ್ಟಿಯಲ್ಲಿ ಹನ್ನೊಂದನೆಯದು ಅಲರ್ಜಿ ಆದರೆ, ಓದುವವರ ಕಣ್ಣಿಗೆ ಅದೂ ದಿಂಬಿನಷ್ಟೇ ತೂಕದ್ದು. ಗಟ್ಟಿ ದಿಂಬು ಇಲ್ಲದಿದ್ದರೆ ಕ್ಷಮೆ ಕೇಳಿದರೆ ಮುಗಿಯಿತು. ತೀವ್ರ ಅಲರ್ಜಿ ಇರುವವರಿಗೆ ಬೀಜದ ಚೂರು ಬಾಯಿಗೆ ಹೋದರೆ ಕೆಲವೇ ನಿಮಿಷದಲ್ಲಿ ಉಸಿರು ಕಟ್ಟಬಹುದು.

ಇಲ್ಲಿ ಜನ ಎಡವುವುದು ಮುಖ್ಯ ಊಟದಲ್ಲಿ ಅಲ್ಲ, ಅದನ್ನು ಶೆಫ್ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಅಂಚಿನಲ್ಲಿರುವ ವಸ್ತುಗಳು ತಪ್ಪಿಹೋಗುತ್ತವೆ. ಸ್ವಾಗತಕ್ಕೆ ಇಟ್ಟ ಚಾಕೊಲೇಟ್, ರಾತ್ರಿ ಹಾಸಿಗೆ ಸರಿಮಾಡುವಾಗ ದಿಂಬಿನ ಪಕ್ಕ ಇಡುವ ಬಿಸ್ಕೆಟ್, ಮಿನಿಬಾರ್, ಕಾರಿನಲ್ಲಿ ಇಟ್ಟ ತಿಂಡಿ, ಬಾತ್‌ರೂಮಿನ ಲೋಷನ್. ಇವೆಲ್ಲ ಬೇರೆ ಬೇರೆ ವಿಭಾಗದ ಕೈಲಿವೆ. ಹಾಗಾಗಿ ಅಲರ್ಜಿಯ ಸಾಲು ಒಂದು ಮಾತ್ರ ಆಹಾರ ಅಥವಾ ರೂಮ್ ಮುಟ್ಟುವ ಎಲ್ಲ ವಿಭಾಗದ ಪ್ರತಿಯಲ್ಲೂ ಇರಬೇಕು. ಅಲರ್ಜಿಯ ಔಷಧಿ, ಚುಚ್ಚುವ ಪೆನ್ನು ಗೆಸ್ಟ್ ಕಡೆ ಯಾರ ಹತ್ತಿರ ಇರುತ್ತದೆ, ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್‌ಗೆ ಫೋನ್ ಯಾರು ಮಾಡುತ್ತಾರೆ ಅನ್ನೋದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ರೂಮ್ 23 ಡಿಗ್ರಿಗೆ ಇಟ್ಟು ಬಂದ್ವಿ, ಆದ್ರೂ ಗೆಸ್ಟ್ ಬಂದಾಗ ಬೇರೇನೇ ಇತ್ತು. ಯಾಕೆ?

ತುಂಬಾ ಹೋಟೆಲ್‌ಗಳಲ್ಲಿ ಕರೆಂಟ್ ಉಳಿಸಲು ರೂಮಿನಲ್ಲಿ ಜನ ಇದ್ದಾರಾ ಇಲ್ವಾ ಅಂತ ನೋಡುವ ಸೆನ್ಸರ್ ಇರುತ್ತದೆ, ಇಲ್ಲವೇ ಬಾಗಿಲ ಹತ್ತಿರದ ಕಿಂಡಿಯಲ್ಲಿ ಕಾರ್ಡ್ ಇದ್ದರೆ ಮಾತ್ರ ಎಸಿ ನೀವು ಹೇಳಿದಂತೆ ಕೇಳುತ್ತದೆ. ಹೌಸ್‌ಕೀಪಿಂಗ್‌ನವರು 23ಕ್ಕೆ ಇಟ್ಟು, ಕಾರ್ಡ್ ತೆಗೆದುಕೊಂಡು, ಬಾಗಿಲು ಹಾಕಿ ಬಂದರು. ಸ್ವಲ್ಪ ಹೊತ್ತಿಗೆ ಸಿಸ್ಟಮ್ ‘ರೂಮ್ ಖಾಲಿ’ ಅಂದುಕೊಂಡು ತನ್ನ ಹಳೆಯ ಲೆಕ್ಕಕ್ಕೆ ಹೋಯಿತು. ಎರಡು ಗಂಟೆ ಕಳೆದು ಗೆಸ್ಟ್ ಒಳಗೆ ಬಂದಾಗ ರೂಮ್ ಉಸಿರುಕಟ್ಟುವಂತಿರುತ್ತದೆ, ಇಲ್ಲವೇ ಕೊರೆಯುತ್ತಿರುತ್ತದೆ.

ಅದಕ್ಕೇ ತಾಪಮಾನದ ಸಾಲು ಹೌಸ್‌ಕೀಪಿಂಗ್ ಪ್ರತಿಯಲ್ಲಿ ಇದ್ದರೆ ಸಾಲದು, ಇಂಜಿನಿಯರಿಂಗ್ ಪ್ರತಿಯಲ್ಲೂ ಬೇಕು: ‘ಸಂಜೆ 4ರಿಂದ ಗೆಸ್ಟ್ ಬರುವ ತನಕ ಖಾಲಿ ರೂಮಿನ ಸೆಟ್ಟಿಂಗ್ ತೆಗೆದಿಡಿ’ ಅಂತ. ಆಮೇಲೆ ಗೆಸ್ಟ್ ಬರುವ ಅರ್ಧ ಗಂಟೆ ಮೊದಲು ಬಾಗಿಲ ಹೊರಗಿನಿಂದ ಅಂದಾಜು ಮಾಡದೆ ಒಬ್ಬರು ಒಳಗೆ ಹೋಗಿ ನೋಡಿ ಬರಲಿ. ‘ಯಾರೂ ಒಳಗೆ ಹೋಗುವಂತಿಲ್ಲ’ ಅನ್ನುವ ನಿಯಮಕ್ಕೆ ಡ್ಯೂಟಿ ಮ್ಯಾನೇಜರ್ ಒಬ್ಬರೇ ಹೊರತು.

ಎಲ್ಲಾ ಇಷ್ಟಗಳನ್ನೂ ಪೂರೈಸಿದ್ರೆ ಗೆಸ್ಟ್ ಖುಷಿಪಡ್ತಾರೆ ಅಲ್ವಾ?

ಒಂದು ಹಂತದವರೆಗೆ. ದಿಂಬು ಸರಿ ಇದೆ, ರೂಮ್ ಹದವಾಗಿದೆ, ಪರದೆ ಕತ್ತಲು ಮಾಡುತ್ತಿದೆ. ಗೆಸ್ಟ್ ಇದನ್ನು ಗಮನಿಸದೇ ಇದ್ದರೆ ನೀವು ಗೆದ್ದಿರಿ. ಆದರೆ ಬಾಗಿಲಲ್ಲಿ ನಿಂತು ‘ಮೇಡಂ, ನಿಮಗೆ ಗಟ್ಟಿ ದಿಂಬು ಇಷ್ಟ ಅಂತ ಗೊತ್ತಿತ್ತು, ಅದಕ್ಕೇ ಇಟ್ಟಿದ್ದೀವಿ’ ಅಂದರೆ, ಇವರಿಗೆ ನನ್ನ ಬಗ್ಗೆ ಇನ್ನೂ ಏನೇನು ಗೊತ್ತಿದೆಯೋ ಅಂತ ಅವರಿಗೆ ಮುಜುಗರ ಶುರುವಾಗುತ್ತದೆ. ಗೊತ್ತಿರುವುದನ್ನು ಮಾಡಿ, ಹೇಳಬೇಡಿ. ಅವರ ಮನೆಯವರ ಬಗ್ಗೆ, ಆರೋಗ್ಯದ ಬಗ್ಗೆ, ಇತ್ತೀಚೆಗೆ ಸುದ್ದಿಯಾದ ಯಾವುದರ ಬಗ್ಗೆಯೂ ನೀವಾಗಿ ಮಾತು ತೆಗೆಯುವಂತಿಲ್ಲ, ಹೊಗಳುವುದಕ್ಕೂ.

## ದಾರಿ

ವಿಐಪಿ ಅಂದ್ರೆ ಹಿಂಬಾಗಿಲಿಂದಲೇ ಕರ್ಕೊಂಡು ಬರಬೇಕಾ?

ಹಾಗೇನಿಲ್ಲ. ಕೆಲವರಿಗೆ ಮುಂಬಾಗಿಲ ಸ್ವಾಗತ ಬೇಕು, ನಾಲ್ಕು ಜನ ನೋಡಲಿ ಅಂತಲೇ ಇರುತ್ತದೆ. ಕೆಲವರಿಗೆ ಕಾರಿನಿಂದ ರೂಮಿನ ತನಕ ಒಂದು ಮುಖವೂ ಎದುರಾಗಬಾರದು. ಇದನ್ನು ಸೆಕ್ರೆಟರಿಯನ್ನೇ ಕೇಳಿ. ಅಂಗರಕ್ಷಕರಿದ್ದರೆ ದಾರಿಯ ಕೊನೆಯ ಮಾತು ಅವರದು, ಸಾಧ್ಯವಾದರೆ ಅವರ ಕಡೆಯ ಒಬ್ಬರು ಮೊದಲೇ ಬಂದು ನೋಡಿಹೋಗುತ್ತಾರೆ. ನಿಮ್ಮ ಕೆಲಸ ಏನೆಂದರೆ ಕಟ್ಟಡದ ಸತ್ಯವನ್ನು ಅವರಿಗೆ ಮುಚ್ಚಿಡದೆ ಹೇಳುವುದು: ಎಲ್ಲಿ ಬಾಗಿಲು ಇಕ್ಕಟ್ಟು, ಎಲ್ಲಿ ಕ್ಯಾಮೆರಾ ಇಲ್ಲ, ಎಲ್ಲಿ ಎರಡು ದಾರಿ ಕೂಡುತ್ತದೆ.

ದಾರಿ ನಡೆದು ನೋಡಿ ಅಂತಾರೆ. ನಮ್ಮದೇ ಹೋಟೆಲ್, ನಮಗೆ ಗೊತ್ತಿಲ್ವಾ?

ಬೆಳಿಗ್ಗೆ ಹತ್ತಕ್ಕೆ ಗೊತ್ತು. ಸಂಜೆ 6:40ಕ್ಕೆ ಗೊತ್ತಾ? ಗೆಸ್ಟ್ ಬರುವ ಹೊತ್ತಿಗೇ, ಹಿಂದಿನ ದಿನ, ಅದೇ ದಾರಿಯಲ್ಲಿ ನಡೆಯಬೇಕು. ಹಿಂಬದಿಯ ಕಾರಿಡಾರ್ ಗಂಟೆಗೊಂದು ರೂಪದಲ್ಲಿರುತ್ತದೆ. ಶಿಫ್ಟ್ ಬದಲಾಗುವಾಗ ಹಾಜರಿ ಮಷಿನ್ ಮುಂದೆ ಇಪ್ಪತ್ತು ಜನ ನಿಂತಿರುತ್ತಾರೆ. ಕೊಳೆ ಬಟ್ಟೆಯ ಟ್ರಾಲಿಗಳು ಸಾಲಾಗಿ ನಿಲ್ಲುವ ಹೊತ್ತು ಒಂದು, ಕಸದ ಗಾಡಿ ಬರುವ ಹೊತ್ತು ಇನ್ನೊಂದು. ಪಾತ್ರೆ ತೊಳೆಯುವ ಜಾಗದ ಮುಂದೆ ನೆಲ ಒದ್ದೆ.

ನಡೆಯುವಾಗ ಕೈಲಿ ಗಡಿಯಾರ ಇರಲಿ. ಕಾರಿನ ಬಾಗಿಲಿಂದ ಲಿಫ್ಟ್‌ಗೆ ಎಷ್ಟು ಹೊತ್ತು, ಲಿಫ್ಟ್‌ನಿಂದ ರೂಮಿಗೆ ಎಷ್ಟು ಅಂತ ಬರೆದುಕೊಳ್ಳಿ. ನಾಲ್ಕೈದು ಜನ ಜೊತೆಯಾಗಿ ನಡೆಯಿರಿ, ಗೆಸ್ಟ್ ಒಬ್ಬರೇ ಬರುವುದಿಲ್ಲ ತಾನೇ? ಒಬ್ಬರು ಸಲೀಸಾಗಿ ದಾಟುವ ತಿರುವಿನಲ್ಲಿ ಐದು ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಪ್ರತಿ ಬಾಗಿಲಿನಲ್ಲೂ ಮೂರು ವಿಷಯ ನೋಡಿ: ಯಾವ ಕಡೆ ತೆರೆಯುತ್ತದೆ, ಕಾರ್ಡ್ ಬೇಕಾ, ತಾನಾಗಿ ಮುಚ್ಚಿಕೊಳ್ಳುತ್ತದಾ. ಬೆಂಕಿ ತಡೆಯುವ ಬಾಗಿಲುಗಳು ತಾವಾಗಿ ಮುಚ್ಚಲೇಬೇಕು, ಅವಕ್ಕೆ ಸ್ಟೂಲ್ ಅಡ್ಡ ಇಟ್ಟು ತೆರೆದಿಡುವಂತಿಲ್ಲ. ಅಲ್ಲಿ ಒಬ್ಬ ಮನುಷ್ಯ ನಿಂತು ಹಿಡಿದುಕೊಳ್ಳಬೇಕು, ಆ ಮನುಷ್ಯ ಯಾರು ಅಂತ ನೋಟ್‌ನಲ್ಲಿರಬೇಕು. ನೆಲಮಾಳಿಗೆಯಲ್ಲಿ ಇಳಿಸುವುದಾದರೆ ಅಲ್ಲಿನ ಎತ್ತರದ ಮಿತಿಯನ್ನೂ ಬರುವ ಗಾಡಿಯ ಎತ್ತರವನ್ನೂ ಹೋಲಿಸಿ. ಇಳಿಜಾರಿನ ಬಾಯಲ್ಲಿ ಗಾಡಿ ನಿಂತರೆ ಹಿಂದೆ ಬರುವವರೆಲ್ಲ ಅಲ್ಲೇ.

ಲಿಫ್ಟ್ ಹಿಡಿದು ನಿಲ್ಲಿಸಿಕೊಂಡರೆ ಸಾಕಲ್ವಾ?

ಕಾಲು ಅಡ್ಡ ಇಟ್ಟು ನಿಲ್ಲಿಸಿಕೊಂಡರೆ ಸ್ವಲ್ಪ ಹೊತ್ತಿಗೆ ಅದು ಕಿರುಚಲು ಶುರುಮಾಡುತ್ತದೆ, ಹೊರಟ ಮೇಲೂ ಮಧ್ಯದ ಮಹಡಿಯಲ್ಲಿ ಯಾರೋ ಬಟನ್ ಒತ್ತಿದರೆ ನಿಂತು ಬಾಗಿಲು ತೆರೆಯುತ್ತದೆ. ಗುಟ್ಟಾಗಿ ಬಂದ ಗೆಸ್ಟ್ ಎದುರಿಗೆ ಈಜುಕೊಳದಿಂದ ಬಂದ ಕುಟುಂಬ ನಿಂತಿರುತ್ತದೆ! ಹೆಚ್ಚಿನ ಲಿಫ್ಟ್‌ಗಳಲ್ಲಿ ಕೀಲಿ ಹಾಕಿ ತಿರುಗಿಸಿದರೆ ಹೊರಗಿನ ಬಟನ್‌ಗಳಿಗೆ ಓಗೊಡದೆ ಒಳಗಿರುವವರು ಹೇಳಿದ ಮಹಡಿಗೆ ಮಾತ್ರ ಹೋಗುವ ವ್ಯವಸ್ಥೆ ಇರುತ್ತದೆ, ಇಂಡಿಪೆಂಡೆಂಟ್ ಸರ್ವಿಸ್ ಅನ್ನುತ್ತಾರೆ. ಆ ಕೀಲಿ ಇಂಜಿನಿಯರಿಂಗ್ ಹತ್ತಿರ ಇರುತ್ತದೆ. ಆ ಮೋಡ್‌ನಲ್ಲಿ ಬಾಗಿಲು ತಾನಾಗಿ ಮುಚ್ಚದೆ ಬಟನ್ ಒತ್ತಿ ಹಿಡಿಯಬೇಕಾಗುವುದು ಸಾಮಾನ್ಯ, ಆದ್ದರಿಂದ ಲಿಫ್ಟ್ ನಡೆಸುವವರು ಹಿಂದಿನ ದಿನವೇ ಒಂದೆರಡು ಸಲ ಅಭ್ಯಾಸ ಮಾಡಲಿ. ಒಂದು ಲಿಫ್ಟ್ ತೆಗೆದಿಟ್ಟರೆ ಉಳಿದ ಗೆಸ್ಟ್‌ಗಳಿಗೆ ಕಾಯುವುದು ಜಾಸ್ತಿಯಾಗುತ್ತದೆ, ಹಾಗಾಗಿ ಕಾರು ಹತ್ತು ನಿಮಿಷ ದೂರ ಇದ್ದಾಗ ತೆಗೆಯಿರಿ, ಒಂದು ಗಂಟೆ ಮೊದಲಲ್ಲ.

ಅಂದುಕೊಂಡ ದಾರಿ ಕೊನೇ ಕ್ಷಣದಲ್ಲಿ ಕೆಟ್ಟರೆ?

‘ನೀಲಿ’ಯ ಉದಾಹರಣೆಯನ್ನೇ ನಡೆಸಿ ನೋಡೋಣ. ಒಂದನೇ ದಾರಿ ಲೋಡಿಂಗ್ ಬೇ, ಹಿಂಬದಿ ಕಾರಿಡಾರ್, ಸರ್ವಿಸ್ ಲಿಫ್ಟ್. ಎರಡನೇ ದಾರಿ ಪಕ್ಕದ ಬ್ಯಾಂಕ್ವೆಟ್ ಬಾಗಿಲು, ಗೆಸ್ಟ್ ಲಿಫ್ಟ್. 6:40ಕ್ಕೆ ಬರಬೇಕಾದವರ ವಿಮಾನ ಬೇಗ ಇಳಿಯಿತು. 6:05ಕ್ಕೆ ಸೆಕ್ರೆಟರಿಯ ಮೆಸೇಜ್: ಹತ್ತು ನಿಮಿಷದಲ್ಲಿ ಇರುತ್ತೇವೆ. ಅದೇ ಹೊತ್ತಿಗೆ ಲೋಡಿಂಗ್ ಬೇಯಲ್ಲಿ ಬಟ್ಟೆ ತಂದ ಲಾರಿ ಅರ್ಧ ಇಳಿಸಿ ನಿಂತಿದೆ.

ಇಲ್ಲಿ ನೋಟ್ ಸರಿ ಇದ್ದರೆ ಗಲಾಟೆ ಇಲ್ಲ. ಬೇ ಹತ್ತಿರ ನಿಂತ ಸೆಕ್ಯುರಿಟಿ ‘ಒಂದು ಮುಚ್ಚಿದೆ’ ಅಂತ ಹೇಳುತ್ತಾರೆ. ನಿರ್ಧಾರ ಡ್ಯೂಟಿ ಮ್ಯಾನೇಜರ್‌ದು, ಅವರು ‘ನೀಲಿ ಎರಡು’ ಅನ್ನುತ್ತಾರೆ. ಆ ಎರಡು ಪದಕ್ಕೆ ಯಾರ್ಯಾರು ಎಲ್ಲಿಗೆ ಓಡಬೇಕು ಅಂತ ಮೊದಲೇ ಬರೆದಿದೆ: ಬೆಲ್ ಬಾಯ್ ಬ್ಯಾಂಕ್ವೆಟ್ ಬಾಗಿಲಿಗೆ, ಇಂಜಿನಿಯರ್ ಕೀಲಿಯೊಂದಿಗೆ ಎರಡನೇ ಲಿಫ್ಟ್‌ಗೆ. ಡ್ಯೂಟಿ ಮ್ಯಾನೇಜರ್ ಅಂಗರಕ್ಷಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಡ್ರೈವರ್‌ಗೆ ಹೊಸ ಬಾಗಿಲು ಹೇಳಿಸುತ್ತಾರೆ. ಇಷ್ಟಕ್ಕೆ ಎರಡು ಮೂರು ನಿಮಿಷ ಸಾಕು. ಲಾರಿಯನ್ನು ಅರ್ಜೆಂಟಾಗಿ ತೆಗೆಸಲು ಹೋದರೆ ಕೂಗಾಟ, ನಾಲ್ಕು ಜನ ಸೇರುವುದು, ಯಾಕೆ ಅಂತ ಲಾರಿಯವರು ಕೇಳುವುದು, ಗುಟ್ಟು ಅಲ್ಲೇ ಮುಗಿಯಿತು.

ದಾರಿ ಬದಲಿಸುವ ಅಧಿಕಾರ ಒಬ್ಬರಿಗೇ ಇರಬೇಕು. ಇಬ್ಬರಿಗೆ ಇದ್ದರೆ ಅರ್ಧ ಸಿಬ್ಬಂದಿ ಒಂದನೇ ಬಾಗಿಲಲ್ಲಿ, ಇನ್ನರ್ಧ ಎರಡನೆಯದರಲ್ಲಿ ನಿಲ್ಲುತ್ತಾರೆ. ವಾಕಿ ಟಾಕಿಯಲ್ಲಿ ಹೆಸರು, ರೂಮ್ ನಂಬರ್ ಬರಲೇಬಾರದು, ಲಾಬಿಯಲ್ಲಿ ನಿಂತ ಬೆಲ್ ಬಾಯ್ ಸೊಂಟದ ವಾಕಿ ಟಾಕಿ ಅಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ.

ಲಗೇಜ್ ಅವರ ಜೊತೆಗೇ ಬರಬೇಕಾ?

ಬೇಡ, ಬೇರೆ ದಾರಿಯಲ್ಲಿ ಬರಲಿ. ಹನ್ನೆರಡು ಸೂಟ್‌ಕೇಸಿನ ಟ್ರಾಲಿ ಪಕ್ಕದಲ್ಲಿದ್ದರೆ ಯಾರೂ ಬೇಗ ನಡೆಯಲಾರರು. ಕೈಬದಲಾದ ಪ್ರತಿ ಸಲವೂ ಎಣಿಸಿ: ಗಾಡಿಯಿಂದ ಇಳಿಸಿದಾಗ, ಲಿಫ್ಟ್ ಹತ್ತಿಸಿದಾಗ, ರೂಮಿನಲ್ಲಿ. ಟ್ಯಾಗ್ ಮೇಲೆ ನಿಜವಾದ ಹೆಸರಿದ್ದರೆ ಅದನ್ನು ಒಳಮುಖ ಮಾಡಿ.

## ಗುಟ್ಟು ಕಾಯುವುದು

ಬೇರೆ ಹೆಸರಲ್ಲಿ ಬುಕ್ ಮಾಡಿದ್ರೂ ನಿಜವಾದ ಹೆಸರು ಎಲ್ಲೋ ಕಾಣಿಸಿಬಿಡ್ತು. ಹೇಗೆ?

ಹೋಟೆಲ್ ಸಾಫ್ಟ್‌ವೇರ್‌ನಲ್ಲಿ ಹೆಸರು ಒಂದು ಕಡೆ ಟೈಪ್ ಮಾಡಿದರೆ ಅದು ಹತ್ತು ಕಡೆ ಹರಿಯುತ್ತದೆ. ಟಿವಿ ಹಾಕಿದ ಕೂಡಲೇ ‘ಸ್ವಾಗತ’ ಅಂತ ಹೆಸರು ಸಮೇತ ಬರುತ್ತದೆ. ಗೆಸ್ಟ್ ರೂಮಿನಿಂದ ಫೋನ್ ಮಾಡಿದರೆ ರೂಮ್ ಸರ್ವಿಸ್‌ನವರ ಫೋನಿನ ಪರದೆಯಲ್ಲಿ ಹೆಸರು. ಬೆಳಗಿನ ತಿಂಡಿಯ ಪಟ್ಟಿ, ಲಾಂಡ್ರಿ ಚೀಟಿ, ಸ್ಪಾ ಬುಕಿಂಗ್, ಬಿಲ್, ಹೌಸ್‌ಕೀಪಿಂಗ್‌ನವರು ಬೆಳಿಗ್ಗೆ ಪ್ರಿಂಟ್ ತೆಗೆಯುವ ರೂಮ್ ಪಟ್ಟಿ, ಎಲ್ಲಕ್ಕೂ ಮೂಲ ಅದೇ.

ಪರೀಕ್ಷೆ ಮಾಡುವುದು ಸುಲಭ. ಗೆಸ್ಟ್ ಬರುವ ಮುಂಚೆ ಅದೇ ರೀತಿ ಒಂದು ಸುಳ್ಳು ಬುಕಿಂಗ್ ಮಾಡಿ, ನಿಜವಾದ ಹೆಸರಿನ ಜಾಗದಲ್ಲಿ ಒಂದು ವಿಚಿತ್ರ ಪದ ಹಾಕಿ, ರೂಮ್‌ಗೆ ಚೆಕ್ ಇನ್ ಮಾಡಿ. ಆಮೇಲೆ ಟಿವಿ ಹಾಕಿ ನೋಡಿ, ರೂಮಿನ ಫೋನಿಂದ ರೂಮ್ ಸರ್ವಿಸ್‌ಗೆ ಕರೆ ಮಾಡಿ, ಎಲ್ಲ ಪಟ್ಟಿಗಳನ್ನೂ ಪ್ರಿಂಟ್ ತೆಗೆಯಿರಿ. ಆ ವಿಚಿತ್ರ ಪದ ಎಲ್ಲಿ ಕಂಡಿತೋ ಅಲ್ಲೇ ತೂತು.

ಗುರುತಿನ ಚೀಟಿಯ ದಾಖಲೆ ಬೇರೆ ಮಾತು. ಕಾನೂನು ಗೆಸ್ಟ್‌ನ ನಿಜವಾದ ಹೆಸರು ದಾಖಲಿಸಲು ಹೇಳುವ ಕಡೆ ಅದನ್ನು ದಾಖಲಿಸಲೇಬೇಕು. ಗುಪ್ತ ಹೆಸರು ಸಿಬ್ಬಂದಿಯ ಕಣ್ಣಿಂದ ಮರೆಮಾಡಲು ಮಾತ್ರ, ಕಾನೂನಿನಿಂದ ಅಲ್ಲ. ಆ ದಾಖಲೆ ಒಬ್ಬ ಮ್ಯಾನೇಜರ್ ಕೈಲಿ ಬೀಗದೊಳಗೆ ಇರಲಿ.

ಯಾರೋ ಫೋನ್ ಮಾಡಿ ‘ಅವರು ನಿಮ್ಮಲ್ಲೇ ಇದ್ದಾರಂತೆ?’ ಅಂದ್ರೆ ಏನು ಹೇಳಲಿ? ಸುಳ್ಳು ಹೇಳಬೇಕಾ?

ಸುಳ್ಳು ಬೇಡ. ‘ನಮ್ಮಲ್ಲಿ ಯಾರು ತಂಗಿದ್ದಾರೆ, ಯಾರಿಲ್ಲ ಅಂತ ಯಾರ ಬಗ್ಗೆಯೂ ಹೇಳುವುದಿಲ್ಲ ಸರ್’, ಇಷ್ಟೇ. ಈ ಮಾತು ವರ್ಷವಿಡೀ, ಎಲ್ಲ ಗೆಸ್ಟ್‌ಗಳ ಬಗ್ಗೆಯೂ ಹೇಳುವ ಮಾತಾಗಿರಬೇಕು. ಬೇರೆ ದಿನ ‘ಇಲ್ಲ, ಆ ಹೆಸರಿನವರು ಯಾರೂ ಇಲ್ಲ’ ಅಂತ ಸಲೀಸಾಗಿ ಹೇಳಿ, ಇವತ್ತು ಮಾತ್ರ ‘ಹೇಳಲಾಗುವುದಿಲ್ಲ’ ಅಂದರೆ ಅದೇ ಉತ್ತರ ಆಯಿತಲ್ಲ.

ಜಾಣರು ನೇರವಾಗಿ ಕೇಳುವುದಿಲ್ಲ. ‘ಮೇಡಂ ಕನ್ನಡಕ ಕಾರಿನಲ್ಲಿ ಬಿಟ್ಟಿದ್ದಾರೆ, ಯಾವ ರೂಮಿಗೆ ಕಳಿಸಲಿ?’ ಅನ್ನುತ್ತಾರೆ. ‘ನಾನು ಅವರ ತಮ್ಮ, ಅಮ್ಮನಿಗೆ ಹುಷಾರಿಲ್ಲ’ ಅನ್ನುತ್ತಾರೆ. ಎರಡನೆಯದು ನಿಜವೂ ಆಗಿರಬಹುದು, ಅದಕ್ಕೇ ಫೋನ್ ಇಟ್ಟುಬಿಡಬೇಡಿ. ಹೆಸರು ನಂಬರ್ ಬರೆದುಕೊಂಡು, ಏನನ್ನೂ ಒಪ್ಪಿಕೊಳ್ಳದೆ ಡ್ಯೂಟಿ ಮ್ಯಾನೇಜರ್‌ಗೆ ಕೊಡಿ. ಅವರು ಸೆಕ್ರೆಟರಿಗೆ ತಲುಪಿಸುತ್ತಾರೆ. ನಿಜವಾದ ಹೆಸರಿಗೆ ಹೂವು, ಪಾರ್ಸೆಲ್ ಬಂದರೂ ಹೀಗೇ: ಸಹಿ ಹಾಕುವ ಮುಂಚೆ, ವಾಪಸ್ ಕಳಿಸುವ ಮುಂಚೆ ಡ್ಯೂಟಿ ಮ್ಯಾನೇಜರ್. ಸಹಿ ಹಾಕಿದರೆ ‘ಇದ್ದಾರೆ’ ಅಂತ ಅವರಿಗೆ ಖಾತ್ರಿಯಾಗುತ್ತದೆ.

ನೋಟ್‌ನ ಫೋಟೋ ತೆಗೆದು ವಿಭಾಗದ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ತಪ್ಪಾ? ಎಲ್ಲರೂ ನಮ್ಮವರೇ ಅಲ್ವಾ?

ತಪ್ಪು. ಆ ಗ್ರೂಪಿನಲ್ಲಿ ಕಳೆದ ವರ್ಷ ಕೆಲಸ ಬಿಟ್ಟವರು ಇನ್ನೂ ಇರುತ್ತಾರೆ, ಒಮ್ಮೆ ತೆರೆದು ಸದಸ್ಯರ ಪಟ್ಟಿ ನೋಡಿ. ಫೋಟೋ ಪ್ರತಿಯೊಬ್ಬರ ಫೋನಿನ ಗ್ಯಾಲರಿಗೆ ಹೋಗಿ ಕೂರಬಹುದು, ಮನೆಯಲ್ಲಿ ಮಕ್ಕಳು ಅದೇ ಫೋನ್ ಹಿಡಿದಿರುತ್ತಾರೆ. ಅವತ್ತಿನ ಮಟ್ಟಿಗೆ ಕಾಗದವೇ ವಾಸಿ. ನಂಬರ್ ಹಾಕಿ ಕೊಟ್ಟ ಕಾಗದವನ್ನು ಎಣಿಸಿ ವಾಪಸ್ ಪಡೆಯಬಹುದು.

ಸೆಲ್ಫಿ ಬೇಡ ಅಂತ ಗೊತ್ತು. ಮನೇಲಿ ಹೇಳಬಹುದಾ?

ಅವರು ಹೊರಟುಹೋಗುವ ತನಕವಂತೂ ಬೇಡ, ಹೋದ ಮೇಲೂ ಬಂದಿದ್ದರು ಅನ್ನುವುದು ನಿಮ್ಮ ಬಾಯಿಂದ ಬರಬೇಕಾದ್ದಲ್ಲ. ಮತ್ತೊಂದು: ಗೆಸ್ಟ್ ಇಲ್ಲದ ಫೋಟೋ ಕೂಡ ಹೇಳಿಬಿಡುತ್ತದೆ. ಸಮವಸ್ತ್ರದಲ್ಲಿ ನಿಂತು ‘ಇವತ್ತು ಸಿಕ್ಕಾಪಟ್ಟೆ ಸ್ಪೆಷಲ್ ದಿನ’ ಅಂತ ಸ್ಟೇಟಸ್ ಹಾಕಿದರೆ, ಊರಿನಲ್ಲಿ ಆ ಗಾಯಕಿಯ ಕಾರ್ಯಕ್ರಮ ಇದೆ ಅಂತ ಗೊತ್ತಿರುವವರಿಗೆ ಅಷ್ಟು ಸಾಕು.

## ಕಷ್ಟದ ಪ್ರಶ್ನೆಗಳು

ಗೆಸ್ಟ್ ಅಥವಾ ಜೊತೆಗಿರುವವರು ಸಿಬ್ಬಂದಿ ಜೊತೆ ಕೆಟ್ಟದಾಗಿ ನಡ್ಕೊಂಡ್ರೂ ಗುಟ್ಟು ಅಂತ ಸುಮ್ಮನಿರಬೇಕಾ?

ಖಂಡಿತ ಇಲ್ಲ, ಇದನ್ನು ಬ್ರೀಫಿಂಗ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ಗುಟ್ಟು ಕಾಯುವುದು ಹೊರಗಿನವರ ಮುಂದೆ. ಯಾರಾದರೂ ಮೈಮುಟ್ಟಿದರೆ, ಬಾಗಿಲು ಅಡ್ಡಗಟ್ಟಿದರೆ, ಹೆದರಿಸಿದರೆ ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಗೆ ಬನ್ನಿ, ಡ್ಯೂಟಿ ಮ್ಯಾನೇಜರ್‌ಗೆ ಹೇಳಿ. ಪೊಲೀಸರ ಹತ್ತಿರ ಹೋಗುವ ಹಕ್ಕು ನಿಮ್ಮದು, ಗುಟ್ಟು ಕಾಯುವ ಮಾತು ಅದನ್ನು ಕಿತ್ತುಕೊಳ್ಳುವುದಿಲ್ಲ. ಮಾದರಿಯಲ್ಲಿ ‘ಇಬ್ಬರು ಜೊತೆಯಾಗಿ, ಬಾಗಿಲು ತೆರೆದು’ ಅಂತ ಬರೆದದ್ದು ಸುಮ್ಮನೆ ಅಲ್ಲ. ಆ ಸಾಲು ಗೆಸ್ಟ್‌ಗೂ ರಕ್ಷೆ, ಹೋದವರಿಗೂ ರಕ್ಷೆ. ಮ್ಯಾನೇಜರ್ ಇದನ್ನು ಗಟ್ಟಿ ದನಿಯಲ್ಲಿ ಹೇಳದಿದ್ದರೆ ‘ದೊಡ್ಡವರು, ಸುಮ್ಮನಿರಬೇಕು’ ಅಂತಲೇ ಹುಡುಗಿಯರು ಅಂದುಕೊಳ್ಳುತ್ತಾರೆ.

ಫೈರ್ ಅಲಾರ್ಮ್ ಆದ್ರೆ ವಿಐಪಿಗೆ ಬೇರೆ ದಾರಿ ಇರುತ್ತಾ?

ಇಲ್ಲ. ಎಲ್ಲರಿಗೂ ಇರುವ ಮೆಟ್ಟಿಲೇ ಅವರಿಗೂ. ಅಲಾರ್ಮ್ ಜೊತೆ ಜೋಡಿಸಿದ ಲಿಫ್ಟ್‌ಗಳು ನಿಗದಿತ ಮಹಡಿಗೆ ಹೋಗಿ ನಿಂತುಬಿಡುತ್ತವೆ, ಮೊದಲೇ ತೆಗೆದಿಟ್ಟ ಕೀಲಿಯನ್ನು ನಂಬಿಕೊಂಡು ಕೂರಬೇಡಿ. ಅಂಗರಕ್ಷಕರಿಗೆ ಬಂದ ದಿನವೇ ಹತ್ತಿರದ ಎರಡು ಮೆಟ್ಟಿಲು ತೋರಿಸಿ. ಹೊರಗೆ ಸೇರುವ ಜಾಗದಲ್ಲಿ ಜನರ ನಡುವೆ ನಿಲ್ಲುವುದು ಅವರಿಗೆ ಬೇಡವಾದರೆ ಕಾರು ಎಲ್ಲಿ ಕಾಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಆದರೆ ತಲೆ ಎಣಿಸುವವರಿಗೆ ‘ನೀಲಿ ಹೊರಗಿದ್ದಾರೆ’ ಅಂತ ತಿಳಿಯಲೇಬೇಕು. ಇಲ್ಲದಿದ್ದರೆ ಹೊರಗಿರುವವರನ್ನು ಹುಡುಕಲು ಯಾರೋ ಮತ್ತೆ ಹೊಗೆಯೊಳಗೆ ಹೋಗುತ್ತಾರೆ.

ಸುದ್ದಿ ಸೋರಿದೆ ಅಂತ ಗೊತ್ತಾದ್ರೆ ಮೊದಲು ಏನು ಮಾಡಬೇಕು? ಯಾರು ಅಂತ ಹುಡುಕೋದಾ?

ಹುಡುಕುವುದು ನಾಳೆ. ಮೊದಲು ಸೆಕ್ರೆಟರಿಗೆ ಹೇಳಿ, ಅವರು ಬೇರೆ ಕಡೆಯಿಂದ ತಿಳಿಯುವ ಮುಂಚೆ. ಏನು ಹೊರಗೆ ಹೋಗಿದೆ ಅಂತ ಬಿಡಿಸಿ ನೋಡಿ: ಹೋಟೆಲಿನ ಹೆಸರು ಮಾತ್ರವಾ, ಸಮಯವೂ ಹೋಗಿದೆಯಾ, ರೂಮ್ ನಂಬರ್ ಹೋಗಿದೆಯಾ? ರೂಮ್ ನಂಬರ್ ಹೋಗಿದ್ದರೆ ರೂಮ್ ಬದಲಿಸಿ, ಹಳೆಯ ಕಾರ್ಡ್‌ಗಳನ್ನೆಲ್ಲ ರದ್ದು ಮಾಡಿ. ಸಮಯ ಹೋಗಿದ್ದರೆ ದಾರಿ ಎರಡಕ್ಕೆ ಬದಲಿಸಿ, ಗುಪ್ತ ಹೆಸರನ್ನೂ ಬದಲಿಸಿ. ಗೇಟಿನ ಮುಂದೆ ಜನ ಸೇರಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಎಲ್ಲ ದಿನದಂತೆ ಗೇಟ್ ನಡೆಯಲಿ.

ಎಲ್ಲಿಂದ ಸೋರಿತು ಅನ್ನುವುದನ್ನು ಆಮೇಲೆ ನಿಧಾನವಾಗಿ ನೋಡಿದಾಗ ಎಷ್ಟೋ ಸಲ ಅದು ಸಿಬ್ಬಂದಿಯಿಂದ ಆಗಿರುವುದಿಲ್ಲ. ಜೊತೆಗೆ ಬಂದವರದ್ದೇ ಫೋಟೋ, ಹಿನ್ನೆಲೆಯಲ್ಲಿ ಕಿಟಕಿಯ ನೋಟ.

ಗೆಸ್ಟ್ ಹೋದ ಮೇಲೆ ನೋಟ್‌ಗಳನ್ನು ಏನು ಮಾಡೋದು? ಮುಂದಿನ ಸಲಕ್ಕೆ ಬೇಕಾಗುತ್ತಲ್ವಾ?

ಮುಂದಿನ ಸಲಕ್ಕೆ ಬೇಕಾದ್ದು ನಾಲ್ಕು ಸಾಲು. ಮೊದಲು ಹಂಚಿದ ಪ್ರತಿಗಳನ್ನು ನಂಬರ್ ಪ್ರಕಾರ ಎಣಿಸಿ ಶ್ರೆಡ್ ಮಾಡಿ. ಏಳು ಕೊಟ್ಟು ಆರು ಬಂದರೆ ಏಳನೆಯದು ಸಿಗುವ ತನಕ ಮುಗಿಯಲಿಲ್ಲ. ಆಮೇಲೆ ವಿಭಾಗದವರನ್ನು ಕೂರಿಸಿಕೊಂಡು ಬರೆದದ್ದರಲ್ಲಿ ಯಾವುದು ಸುಳ್ಳಾಯಿತು ಅಂತ ಕೇಳಿ. ಪೂರ್ತಿ ಕತ್ತಲಿನ ಪರದೆ ಬೇಕು ಅಂದಿದ್ದರು, ಆದರೆ ಎರಡು ದಿನವೂ ಬೆಳಿಗ್ಗೆ ಪರದೆ ತೆರೆದೇ ಇತ್ತು ಅಂತ ರೂಮ್ ಮಾಡಿದವರು ಹೇಳುತ್ತಾರೆ. ಇದನ್ನು ದಿನಾಂಕದ ಜೊತೆ ಪ್ರೊಫೈಲ್‌ನಲ್ಲಿ ತಿದ್ದಿ.

ಪ್ರೊಫೈಲ್‌ನಲ್ಲಿ ಉಳಿಯುವುದು ಕೆಲಸಕ್ಕೆ ಬರುವ ಇಷ್ಟಾನಿಷ್ಟ ಮಾತ್ರ. ಆರೋಗ್ಯದ ವಿಷಯ ಇಟ್ಟುಕೊಳ್ಳಬೇಕೆಂದರೆ ಗೆಸ್ಟ್ ಕಡೆಯವರ ಒಪ್ಪಿಗೆ ಕೇಳಿ, ಇಟ್ಟುಕೊಂಡರೂ ಮುಂದಿನ ಸಲ ಮತ್ತೆ ಕೇಳಿಯೇ ಬಳಸಿ. ಯಾರು ಭೇಟಿಗೆ ಬಂದರು, ಎಷ್ಟು ಹೊತ್ತಿಗೆ ವಾಪಸ್ ಬಂದರು, ಕಸದ ಬುಟ್ಟಿಯಲ್ಲಿ ಏನಿತ್ತು, ಇಂಥದ್ದೆಲ್ಲ ಯಾವ ಫೈಲಿನಲ್ಲೂ ಬರೆಯುವಂತಿಲ್ಲ. ಗುಪ್ತ ಹೆಸರನ್ನು ಮತ್ತೆ ಬಳಸಬೇಡಿ. ಈ ಸಲ ‘ನೀಲಿ’ ಯಾರು ಅಂತ ಗೊತ್ತಾದವರಿಗೆ ಮುಂದಿನ ಸಲ ಆ ಪದ ಕೇಳಿದರೆ ಸಾಕು.